ಬಲಗಡೆಯವನನ್ನೂ ಬಿಡಬೇಡ

ಪ್ರೀತಿಯ ತಮ್ಮಾ,

ನೀನು ಕಳಿಸಿದ ವರ್ಜಿನ್–ಚ್ಯಾಡ್ ಚಿತ್ರ ನೋಡಿದೆ, ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಸುತ್ತ ಸಾಲು ಬರೆದು ನಗಿಸುವ ಆ ಅಂತರ್ಜಾಲದ ಮೀಮ್. ಎಡಗಡೆ ಮೊಬೈಲಿನಲ್ಲಿ ಪುಸ್ತಕ ಓದುವ ವರ್ಜಿನ್, ಬಲಗಡೆ ಅಚ್ಚಾದ ಪುಸ್ತಕ ಓದುವ ಚ್ಯಾಡ್. ಎಡಗಡೆ ಓದುವಾಗ ಜೋರಾಗಿ ನಕ್ಕೆ. ಬಲಗಡೆಗೆ ಬಂದಾಗ ನಗು ನಿಂತುಹೋಯಿತು. 'ಹೊಸ ಪುಸ್ತಕದ ವಾಸನೆ ಸವಿಯುತ್ತಾನೆ', 'ಕಣ್ಣು ಹಾಳಾಗಿಲ್ಲ', 'ಲೇಖಕರಿಗೆ ಗೌರವ ಕೊಡುತ್ತಾನೆ' ಅಂತ ಬರೆದಿದ್ದೀಯ. ಇದರಲ್ಲಿ ನಗುವುದಕ್ಕೆ ಏನಿದೆ? ನಿನಗೆ ಅಚ್ಚಿನ ಪುಸ್ತಕ ಇಷ್ಟ, ಅದಕ್ಕೆ ಆ ಕಡೆ ಗಟ್ಟಿಮುಟ್ಟಾದ ಆಳನ್ನು ನಿಲ್ಲಿಸಿ ಅವನ ಬಾಯಲ್ಲಿ ನಿನ್ನ ಅಭಿಪ್ರಾಯ ಹೇಳಿಸಿದ್ದೀಯ. ಇದು ಜಾಹೀರಾತು.

ಈ ಚಿತ್ರಗಳು ಎಲ್ಲಿಂದ ಬಂದವು ಅಂತ ಗೊತ್ತಿದ್ದರೆ ತಪ್ಪು ಬೇಗ ಕಾಣುತ್ತದೆ. ಮೊದಲು ಇದ್ದದ್ದು ಎಡಗಡೆಯವನು ಒಬ್ಬನೇ. ಹೆಸರು ಹೇಳದೆ ಬರೆಯುವ ಫೋರ್‌ಚಾನ್ ಅನ್ನುವ ಇಂಗ್ಲಿಷ್ ಜಾಲತಾಣದಲ್ಲಿ /r9k/ ಅಂತ ಒಂದು ವಿಭಾಗ ಇದೆ, ಒಂಟಿ ಹುಡುಗರು ತಮ್ಮ ಒಂಟಿತನ ತೋಡಿಕೊಳ್ಳುವ ಜಾಗ. ಅಲ್ಲಿ 2016ರ ಸುಮಾರಿಗೆ 'ವರ್ಜಿನ್ ವಾಕ್' ಅನ್ನುವ ಚಿತ್ರ ಓಡಾಡಿತು. ಭುಜ ಕುಸಿದ, ಸಣಕಲು ಹುಡುಗ ನಡೆದುಹೋಗುತ್ತಿದ್ದಾನೆ. ಸುತ್ತ ಸಣ್ಣ ಅಕ್ಷರದಲ್ಲಿ ಅವನ ನಡಿಗೆಯ ವಿವರ: ನೆಲ ನೋಡಿಕೊಂಡೇ ಹೋಗುತ್ತಾನೆ, ಕೈಯನ್ನು ಎಲ್ಲಿಡಬೇಕೋ ಗೊತ್ತಾಗುವುದಿಲ್ಲ, ಯಾರೋ ತನ್ನನ್ನು ನೋಡಿ ನಗುತ್ತಿದ್ದಾರೆ ಅಂದುಕೊಳ್ಳುತ್ತಾನೆ, ಹೀಗೆ. ಇದನ್ನು ಹಂಚಿಕೊಂಡವರಲ್ಲಿ ತುಂಬಾ ಜನ ಆ ನಡಿಗೆಯನ್ನು ತಮ್ಮದೇ ಅಂತ ಗುರುತಿಸಿದವರು.

ಆಮೇಲೆ ಅದರ ಪಕ್ಕಕ್ಕೆ 'ಚ್ಯಾಡ್ ಸ್ಟ್ರೈಡ್' ಬಂತು, 2017ರಲ್ಲಿ ಜೋಡಿ ಎಲ್ಲ ಕಡೆ ಹಬ್ಬಿತು. ಚ್ಯಾಡ್ ಅನ್ನುವುದು ಆ ಹುಡುಗರ ಮಾತಿನಲ್ಲಿ ಮೊದಲೇ ಇದ್ದ ಹೆಸರು. ಏನೂ ಕಷ್ಟಪಡದೆ ಎಲ್ಲವನ್ನೂ ಪಡೆಯುವವನು, ಹುಡುಗಿಯರೆಲ್ಲ ಇವನ ಹಿಂದೆಯೇ ಹೋಗುತ್ತಾರೆ ಅಂತ ಅವರು ನಂಬಿದ್ದವನು. ಆದರೆ ಚಿತ್ರದಲ್ಲಿ ಅವನು ಹೇಗಿದ್ದಾನೆ ನೋಡು. ಗದ್ದ ಇಟ್ಟಿಗೆಯ ಹಾಗೆ. ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ. ಸೊಂಟ ಮುಂದೆ, ಉಳಿದ ದೇಹ ಅದರ ಹಿಂದೆ. ಅಂಥ ದೇಹ ಯಾರಿಗೂ ಇರುವುದಿಲ್ಲ, ಇದ್ದರೂ ಯಾರಿಗೂ ಬೇಡ.

ನನ್ನ ಪ್ರಕಾರ ಇಡೀ ಚಿತ್ರದ ಜೀವ ಇಲ್ಲೇ ಇದೆ. ಬಲಗಡೆ ನಿಂತಿರುವವನು ನಿಜವಾದ ಗಂಡಸಲ್ಲ, ಎಡಗಡೆಯವನು ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಅವನ ತಲೆಯಲ್ಲಿ ಓಡಾಡುವ ಗಂಡಸು. ಅವನನ್ನು ಅಷ್ಟು ವಿಕಾರವಾಗಿ ಬರೆದು ಪಕ್ಕದಲ್ಲಿ ನಿಲ್ಲಿಸಿದ ಕೂಡಲೇ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ತಾನೇ ಗಂಡಸು ಅಂತ ಎದೆ ಸೆಟೆಸುವವನಿಗೆ ಪೆಟ್ಟು ಬೀಳುತ್ತದೆ. ಇಂಥವನು ಊರ ತುಂಬ ಓಡಾಡುತ್ತಿದ್ದಾನೆ, ನನ್ನ ಪಾಲಿನದ್ದನ್ನೆಲ್ಲ ಇವನೇ ತಿಂದ ಅಂತ ಕೊರಗುವವನಿಗೂ ಬೀಳುತ್ತದೆ. ಚ್ಯಾಡ್ ಮೆಚ್ಚುವಂಥವನಾದರೆ ಎರಡನೆಯ ಪೆಟ್ಟು ಇಲ್ಲವೇ ಇಲ್ಲ, ಒಂಟಿ ಹುಡುಗನ ಮೇಲೆ ಇನ್ನೊಂದು ಕಲ್ಲು ಎಸೆದ ಹಾಗಾಗುತ್ತದೆ.

ಹಾಗಾದರೆ ಬರೆಯುವುದು ಹೇಗೆ? ಎರಡು ಕಡೆಗೂ ಬೇರೆ ಬೇರೆ ಅಳತೆ ಬೇಕು. ಎಡಗಡೆಯ ಸಾಲುಗಳು ನಿಜ ಇರಬೇಕು, ಸಣ್ಣವಿರಬೇಕು. ನೀನು ಅದನ್ನು ಚೆನ್ನಾಗಿ ಮಾಡಿದ್ದೀಯ: 'ಮುನ್ನೂರು ಪುಸ್ತಕ ಇಳಿಸಿಕೊಂಡಿದ್ದಾನೆ, ಓದಿದ್ದು ನಾಲ್ಕು', 'ಅಕ್ಷರ ದೊಡ್ಡದು ಮಾಡಿ ಚಿಕ್ಕದು ಮಾಡಿ ಹತ್ತು ನಿಮಿಷ ಕಳೆಯುತ್ತಾನೆ', 'ಕಥೆ ಬಿಸಿಯಾದಾಗ ಬ್ಯಾಟರಿ ನೋಡುತ್ತಾನೆ'. ಓದಿದವರು ಇದು ನಾನೇ ಅಂತಾರೆ.

ಬಲಗಡೆ ನಿಜ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಒಂದು ಗುಣವನ್ನು ಹಿಡಿದು ಅದು ಮುರಿಯುವ ತನಕ ಎಳೆಯಬೇಕು. ನಿನ್ನ 'ಪುಸ್ತಕದ ವಾಸನೆ ಸವಿಯುತ್ತಾನೆ' ಸಾಲನ್ನೇ ತಗೋ. ಮೊದಲ ಎಳೆತ: 'ಓದುವುದೇ ಇಲ್ಲ, ಮೂಸಿ ಕಥೆ ತಿಳಿದುಕೊಳ್ಳುತ್ತಾನೆ'. ಇನ್ನೂ ಸ್ವಲ್ಪ ಎಳೆ: 'ಗ್ರಂಥಾಲಯದ ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದ, ಒಳಗಿದ್ದ ಹಾಳೆಗಳೆಲ್ಲ ಖಾಲಿ'. ಈಗ ಇವನು ಗೆದ್ದಿದ್ದಾನೆ, ಆದರೆ ಅವನು ಗೆದ್ದ ಮೇಲೆ ಉಳಿದವರಿಗೆ ಓದಲು ಏನೂ ಉಳಿದಿಲ್ಲ. 'ಲೇಖಕರಿಗೆ ಗೌರವ ಕೊಡುತ್ತಾನೆ' ಅನ್ನುವುದನ್ನು ತಿರುಗಿಸು: 'ಕೊನೆ ಇಷ್ಟವಾಗದೆ ಲೇಖಕರ ಮನೆಗೆ ಹೋಗಿ ಕೂತ, ಅವರು ಹೆದರಿ ಇನ್ನೊಂದು ಅಧ್ಯಾಯ ಬರೆದುಕೊಟ್ಟರು'. ಇನ್ನೊಂದು ನನಗೆ ಹೊಳೆದದ್ದು: 'ಓದಿ ಮುಗಿದ ಪುಟವನ್ನು ಹರಿದು ಎಸೆಯುತ್ತಾನೆ, ಪುಸ್ತಕ ಹಗುರಾಗಲಿ ಅಂತ'.

ಇಲ್ಲೊಂದು ಗಮನಿಸು. ಚ್ಯಾಡ್ ಸಾಲುಗಳಲ್ಲಿ ಕಾರಣ ಇರುವುದಿಲ್ಲ, ಸಂಕೋಚ ಇರುವುದಿಲ್ಲ, ಸುತ್ತಲಿನವರಿಗೆ ಆಗುವ ಪಾಡು ಮಾತ್ರ ಇರುತ್ತದೆ. ವರ್ಜಿನ್‌ಗೆ ಬೇರೆಯವರು ಏನಂದುಕೊಂಡಾರು ಅನ್ನುವುದು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಚ್ಯಾಡ್‌ಗೆ ಬೇರೆಯವರು ಇದ್ದಾರೆ ಅನ್ನುವುದೇ ಕಾಣುವುದಿಲ್ಲ. ಹೀಗೆ ಬರೆದಾಗ ಅಚ್ಚಿನ ಪುಸ್ತಕದ ಅಭಿಮಾನಿಗಳೂ ಸುಮ್ನೆ ಕೂರಲು ಆಗುವುದಿಲ್ಲ. ವಾಸನೆ, ಸ್ಪರ್ಶ ಅಂತ ಮಾತಾಡಿ ಓದುವುದನ್ನೇ ಮರೆತವರು ನಮ್ಮಲ್ಲಿ ಇದ್ದಾರೆ, ಅಲ್ವಾ? ನಿನ್ನ ಮೊದಲ ಚಿತ್ರದಲ್ಲಿ ಅವರಿಗೆ ಹೊಗಳಿಕೆ ಸಿಕ್ಕಿತ್ತು.

ಚಿತ್ರ ಕೆಟ್ಟಿದೆಯೋ ಇಲ್ಲವೋ ಗೊತ್ತಾಗಲು ನಾನು ಒಂದು ಕೆಲಸ ಮಾಡುತ್ತೇನೆ. ಬಲಗಡೆಯ ಸಾಲುಗಳನ್ನು ಮಾತ್ರ ಬೇರೆ ಹಾಳೆಗೆ ಬರೆದು ಗಟ್ಟಿಯಾಗಿ ಓದುತ್ತೇನೆ. ಅದನ್ನು ಯಾರಾದರೂ ತಮ್ಮ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳಬಹುದು ಅನ್ನಿಸಿದರೆ ಆ ಸಾಲು ಹೋಗಬೇಕು.

ನೀನು ಈ ತಪ್ಪು ಎಲ್ಲಿಂದ ಕಲಿತೆ ಅಂತಲೂ ನನಗೆ ಗೊತ್ತು. ಹೊಂಬಣ್ಣದ ಕೂದಲು, ಗಡ್ಡ, ಶಾಂತ ಮುಖದ ಇನ್ನೊಬ್ಬ ಚ್ಯಾಡ್ ಈಗ ಎಲ್ಲೆಲ್ಲೂ ಇದ್ದಾನೆ. ಅವನ ಎದುರು ಅಳುವ, ಬಾಯಿಬಿಟ್ಟು ಕಿರುಚುವ ಮುಖ ಒಂದಿರುತ್ತದೆ. ಇವನು 'ಹೌದು' ಅಂದರೆ ಸಾಕು, ವಾದ ಮುಗಿಯಿತು. ಅಲ್ಲಿ ಬಲಶಾಲಿ ಉತ್ಪ್ರೇಕ್ಷೆಯೇ ಅಲ್ಲ, ನಿಜಕ್ಕೂ ಸರಿ. ರಾಜಕೀಯ ಮಾಡುವವರಿಗೆ ಅದು ತುಂಬಾ ಅನುಕೂಲ, ಅದಕ್ಕೇ ಅಷ್ಟು ಹಬ್ಬಿದೆ. ನನಗೆ ಅದರಿಂದ ಬೇಸರ ಆಗುತ್ತದೆ. ಹೆಸರು ಒಂದೇ ಆದರೂ ಹಳೆಯದನ್ನು ತಲೆಕೆಳಗು ಮಾಡಿದ ಆಟ ಅದು.

ಪದಗಳ ಬಗ್ಗೆಯೂ ಒಂದು ಮಾತು. 'ವರ್ಜಿನ್' ಅನ್ನುವುದು ಅಲ್ಲಿ ಬೈಗುಳ. ಆ ಹುಡುಗರ ಲೋಕದಲ್ಲಿ ಹೆಣ್ಣುಮಕ್ಕಳ ಮೇಲೆ ದ್ವೇಷವೂ ಬೇಕಾದಷ್ಟಿತ್ತು. ಉತ್ಪ್ರೇಕ್ಷೆ ಕಡಿಮೆಯಾದ ಕೂಡಲೇ ಅದು ಮೇಲೆ ತೇಲುತ್ತದೆ. ಅದಕ್ಕೇ ಹುಡುಗಿಯರನ್ನು ಬಹುಮಾನದ ಹಾಗೆ ಬಲಗಡೆ ನಿಲ್ಲಿಸಬೇಡ. ನಿನ್ನ ಚಿತ್ರದ ಮೂಲೆಯಲ್ಲಿ ಒಬ್ಬಳು ನಿಂತಿದ್ದಾಳೆ, ತೆಗೆದುಬಿಡು.

ಕನ್ನಡದಲ್ಲಿ ಬರೆಯುವಾಗ ಒಂದು ತೊಡಕು ಇದೆ. ಇಂಗ್ಲಿಷಿನ ಸಾಲುಗಳಲ್ಲಿ 'ಅವನು' ಇರುವುದಿಲ್ಲ, ಕ್ರಿಯಾಪದದಿಂದಲೇ ಶುರು. ಅದಕ್ಕೆ ಯಾವುದೋ ಪ್ರಾಣಿಯ ಬಗ್ಗೆ ಬರೆದ ಟಿಪ್ಪಣಿಯ ಹಾಗೆ ಕೇಳಿಸುತ್ತದೆ. ನಮ್ಮಲ್ಲಿ 'ನೋಡುತ್ತಾನೆ' ಅಂದ ಕೂಡಲೇ 'ಅವನು' ಬಂದುಬಿಡುತ್ತಾನೆ. ಎಂಟು ಸಾಲೂ '-ತ್ತಾನೆ' ಅಂತ ಮುಗಿದರೆ ಶಾಲೆಯ ಪ್ರಬಂಧದ ಹಾಗಾಗುತ್ತದೆ. ಎಡಗಡೆ ಅದನ್ನು ಉಳಿಸಿಕೋ, ಅವನ ದಿನ ಹಾಗೇ ಸಾಗುವಂಥದ್ದು. ಬಲಗಡೆ ನಡೆದುಹೋದ ಘಟನೆಯಾಗಿ ಹೇಳು: ಉಸಿರೆಳೆದ, ಹಾಳೆ ಖಾಲಿ. ನಾನು ಮೇಲೆ ತಿದ್ದಿದ ಕೆಲವು ಸಾಲು ಹಾಗೆ ತಿರುಗಿದ್ದು ಅದಕ್ಕೇ.

ಬಲಗಡೆಗೆ ಐದು ಸಾಲು ಸಾಕು, ಹೊಸದಾಗಿ ಬರೆದು ಕಳಿಸು. ಎಡಗಡೆಯ ಬ್ಯಾಟರಿ ಸಾಲು ಮಾತ್ರ ಮುಟ್ಟಬೇಡ.

ನಿನ್ನ ಅಣ್ಣ