‘ಕರ್ ಲೋ’ ಅಂದರೆ ಏನು, ಮಗಳೇ?

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ ಮಾತು ಕಿವಿಯಲ್ಲೇ ಉಳಿದಿದೆ. ಫ್ಯಾನ್ ತಿರುಗಲ್ಲ ಅಂದರೆ ವಾರ್ಡನ್ ‘ಥೋಡಾ ಅಡ್ಜಸ್ಟ್ ಕರ್ ಲೋ’ ಅಂದರಂತೆ. ಅದೇ ಮಾತು ನನಗೂ ಹೇಳಿದ್ದರು. ಆಗ ಭೋಪಾಲಿನ ಹಾಸ್ಟೆಲಿಗೆ ಸೇರಿ ಎರಡೇ ದಿನ ಆಗಿತ್ತು.

ನನಗೆ ಸಿಕ್ಕಿದ್ದು ನವಾರದ ಮಂಚ. ಪಟ್ಟಿಗಳೆಲ್ಲ ಸಡಿಲವಾಗಿ ನಡುವೆ ತೊಟ್ಟಿಲಿನಂತೆ ಜೋತುಬಿದ್ದಿತ್ತು. ವಾರ್ಡನ್‌ಗೆ ಹೇಳಿದೆ. ‘ಬೇಟಾ, ದೋ-ಚಾರ್ ದಿನ್ ಥೋಡಾ ಅಡ್ಜಸ್ಟ್ ಕರ್ ಲೋ’ ಅಂದರು. ನನ್ನದು ಹೈಸ್ಕೂಲಿನ ಪಾಠದ ಹಿಂದಿ. ಒಂದೊಂದೇ ಪದ ಬಿಡಿಸಿಕೊಂಡೆ. ನಮ್ಮ ಮನೆಯಲ್ಲಿ ಅಡ್ಜಸ್ಟ್ ಮಾಡೋದು ಅಂದರೆ ಸೈಕಲ್ ಚೈನು, ಹೊಲಿಗೆ ಮಿಷನ್ನಿನ ದಾರದ ಬಿಗಿ. ಕರ್ ಲೋ ಅಂದರೆ ಮಾಡಿಕೋ. ಅಂದರೆ ಮಂಚವನ್ನು ನಾನೇ ಸರಿಮಾಡಿಕೊಳ್ಳಬೇಕು!

ಸಂಜೆ ಊಟ ಮುಗಿಸಿ ಕೂತೆ. ಅಡ್ಡಪಟ್ಟಿಗಳನ್ನು ಬಿಚ್ಚಿ, ಉದ್ದಪಟ್ಟಿಗಳನ್ನು ಎಳೆದೆ. ನವಾರ ಬಿಗಿಯೋಕೆ ಇಬ್ಬರು ಬೇಕು ಪುಟ್ಟಿ. ಒಬ್ಬರು ಎಳೆದು ಹಿಡಿಯಬೇಕು, ಇನ್ನೊಬ್ಬರು ಮುಂದಿನ ಸುತ್ತು ಹಾಕಬೇಕು. ಒಬ್ಬಳೇ ಆದರೆ ಈ ಸುತ್ತು ಬಿಗಿಯುವಷ್ಟರಲ್ಲಿ ಹಿಂದಿನದು ಸಡಿಲ. ಅಡ್ಡಪಟ್ಟಿಯನ್ನು ಒಂದರ ಮೇಲೆ, ಒಂದರ ಕೆಳಗೆ ನೇಯುತ್ತಾ ಹೋದೆ. ನಡುರಾತ್ರಿ ದಾಟಿತು. ಬೆರಳ ಸಂದಿನ ಚರ್ಮ ಸುಲಿಯಿತು. ಕೊನೆಗೆ ನೆಲದ ಮೇಲೆ ಹಾಸಿಕೊಂಡು ಮಲಗಿದೆ.

ಬೆಳಿಗ್ಗೆ ವಾರ್ಡನ್ ಬಂದರು. ಅರ್ಧ ನೇಯ್ದ ಮಂಚ ನೋಡಿ, ‘ಯೇ ಕ್ಯಾ ಕಿಯಾ?’ ಅಂದರು. ‘ಅಡ್ಜಸ್ಟ್ ಕಿಯಾ, ಮ್ಯಾಡಮ್’ ಅಂದೆ. ನನ್ನ ಕೈ ಹಿಡಿದು ಅಂಗೈ ತಿರುಗಿಸಿದರು. ಏನೂ ಮಾತಾಡಲಿಲ್ಲ. ಅರಿಶಿನ ಕಲಸಿದ ಎಣ್ಣೆ ತಂದು ತಾವೇ ಹಚ್ಚಿದರು. ಅವತ್ತೇ ಮಧ್ಯಾಹ್ನ ಇಬ್ಬರು ಆಳು ಬಂದು ಅರ್ಧ ಗಂಟೆಯಲ್ಲಿ ಮಂಚ ಬಿಗಿದು ಹೋದರು.

ಅವರು ಮೊದಲು ಹೇಳಿದ್ದರ ಅರ್ಥ ಇಷ್ಟೇ: ನಾಲ್ಕು ದಿನ ಹೇಗೋ ಸುಧಾರಿಸಿಕೋ. ನಾವೂ ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತೀವಿ, ಯಾರೂ ಸ್ಪ್ಯಾನರ್ ತೆಗೆಯಲ್ಲ ಅಲ್ವಾ? ಹಿಂದಿಯ ‘ಲೋ’ ನಮ್ಮ ‘ಕೋ’ ಇದ್ದ ಹಾಗೆ. ‘ಹೊಂದಿಕೋ’ ಅನ್ನುವಲ್ಲಿ ಇರೋ ‘ಕೋ’. ಅದು ನಿನ್ನ ಕೈಗೆ ಕೆಲಸ ಕೊಡೋ ಮಾತಲ್ಲ.

ಹಾಗಂತ ನೀನು ಸುಮ್ನೆ ಸೆಕೆಯಲ್ಲಿ ಬೇಯಬೇಡ. ಸ್ಟೂಲ್ ಹತ್ತಿ ಫ್ಯಾನ್ ಮುಟ್ಟಲೇಬೇಡ, ಕರೆಂಟಿನ ವಿಷಯ. ಇವತ್ತೇ ಹೋಗಿ ‘ಫ್ಯಾನ್ ಠೀಕ್ ಕರ್‌ವಾ ದೀಜಿಯೇ’ ಅನ್ನು. ನಮ್ಮ ‘ಸರಿ ಮಾಡಿಸಿ ಕೊಡಿ’ಯೇ ಅದು: ‘ಕರ್‌ವಾ’ ಅಂದರೆ ಮಾಡಿಸಿ, ‘ದೀಜಿಯೇ’ ಅಂದರೆ ಕೊಡಿ. ಆಮೇಲೂ ಅಡ್ಜಸ್ಟ್ ಅಂದರೆ, ‘ಕಬ್ ತಕ್, ಮ್ಯಾಡಮ್?’ ಅಂತ ಕೇಳು. ಎಲ್ಲಿಯವರೆಗೆ ಅಂತ.

ಏನಂದರು ಅಂತ ರಾತ್ರಿ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರ್ತೀನಿ.

ನಿನ್ನ ಅಮ್ಮ