ನೀನಿಲ್ಲದ ಕೋಣೆಯಲ್ಲಿ ಓದುವ ಪತ್ರ

ಕುಂಜಿಬೆಟ್ಟು, ಉಡುಪಿ
ಜನವರಿ 11

ಪ್ರೀತಿಯ ಅಶ್ವಿನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸಂಬಳ ಜಾಸ್ತಿ ಕೇಳಲು ನೀನು ಬರೆದ ಕರಡನ್ನು ಎರಡು ಸಲ ಓದಿದೆ. ಹಡಗಿನ ಸರಕಿನ ಕಾಗದಪತ್ರ ನೋಡುವ ನಿಮ್ಮ ಪಣಂಬೂರಿನ ಆಫೀಸಿನಲ್ಲಿ ರಾತ್ರಿ ಎಂಟರವರೆಗೆ ಕೂರುವುದು, ಬಿಟ್ಟುಹೋದವಳ ಕೆಲಸವೂ ನಿನ್ನ ತಲೆಗೆ ಬಂದದ್ದು, ಮನೆ ಸಾಲದ ಕಂತು, ಎಲ್ಲವೂ ಅದರಲ್ಲಿ ಉಂಟು. ಒಂದೂ ಸುಳ್ಳಲ್ಲ. ಆದರೆ ಇದನ್ನು ಹೀಗೇ ಕಳಿಸಬೇಡ.

ಯಾಕೆ ಅಂತ ಹೇಳುತ್ತೇನೆ. ಗೇರುಬೀಜದ ಕಂಪೆನಿಯೊಂದರ ಲೆಕ್ಕದ ವಿಭಾಗದಲ್ಲಿ ನಾನು 26 ವರ್ಷ ಇದ್ದೆ. ಇಂಥ ಅರ್ಜಿಗಳನ್ನು ಧಣಿಗಳ ಮೇಜಿಗೆ ಒಯ್ಯುವ ಕೆಲಸ ನನ್ನದೇ ಆಗಿತ್ತು. ಅರ್ಜಿ ಬರೆದವರು ಆ ಕೋಣೆಯಲ್ಲಿ ಇರುತ್ತಿರಲಿಲ್ಲ. ಧಣಿ ಮೊದಲ ನಾಲ್ಕೈದು ಸಾಲು ಓದಿ, ಮ್ಯಾನೇಜರನ್ನು ನೋಡಿ, "ಇವರಿಂದ ನಮಗೆ ಆದದ್ದೆಂತ?" ಎಂದು ಕೇಳುತ್ತಿದ್ದರು. ಕಾಗದದಲ್ಲಿ ಉತ್ತರ ಇದ್ದರೆ ಮ್ಯಾನೇಜರ್ ಅದನ್ನೇ ಓದಿ ಹೇಳುತ್ತಿದ್ದರು. ಇಲ್ಲದಿದ್ದರೆ "ಒಳ್ಳೆ ಹುಡುಗಿ, ಕಷ್ಟಪಡ್ತಾಳೆ" ಅನ್ನುತ್ತಿದ್ದರು. ಅರ್ಜಿ ಅಲ್ಲಿಗೇ ನಿಲ್ಲುತ್ತಿತ್ತು. ನನ್ನ ಮೊದಲ ಅರ್ಜಿಯೂ ಹಾಗೇ ನಿಂತಿತ್ತು. ಅದರಲ್ಲಿ ನಾನು ಬರೆದದ್ದು ಮಕ್ಕಳ ಫೀಸಿನ ವಿಷಯ.

ನಿನ್ನ ಕರಡಿನಲ್ಲಿ ಆ ಪ್ರಶ್ನೆಗೆ ಉತ್ತರ ಉಂಟು. ಆದರೆ ಕೊನೆಯ ಪ್ಯಾರಾದಲ್ಲಿ ಅಡಗಿ ಕೂತಿದೆ. ಮೇ ತಿಂಗಳಲ್ಲಿ ನೀನು ತಾಳೆ ನೋಡುವ ಒಂದು ಹಾಳೆ ಶುರುಮಾಡಿದೆ. ಬಿ.ಎಲ್. ಅಂದರೆ ಹಡಗಿಗೆ ಹೇರಿದ ಸರಕಿಗೆ ಶಿಪ್ಪಿಂಗ್ ಲೈನಿನವರು ಕೊಡುವ ರಸೀದಿ; ಅವರು ಕಳಿಸುವ ಅದರ ಕರಡನ್ನು ಒಪ್ಪುವ ಮೊದಲು ಕಂಟೈನರ್ ನಂಬರು, ಸೀಲ್ ನಂಬರು, ತೂಕ, ಚೀಲಗಳ ಲೆಕ್ಕ, ಖರೀದಿದಾರರ ಹೆಸರು ಇವೆಲ್ಲ ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟಿಗೆ ಹೊಂದುತ್ತದಾ ಎಂದು ಒಂದೊಂದಾಗಿ ನೋಡುವುದು. ಬಿ.ಎಲ್. ಹೊರಬಿದ್ದ ಮೇಲೆ ಒಂದು ಅಕ್ಷರ ತಿದ್ದಬೇಕಾದರೂ ಲೈನಿನವರು ಬಿಲ್ಲು ಹಾಕುತ್ತಾರೆ. ತಪ್ಪು ನಿಮ್ಮ ಆಫೀಸಿನದ್ದಾದರೆ ಆ ದುಡ್ಡು ನಿಮ್ಮ ಧಣಿಯ ಕಿಸೆಯಿಂದಲೇ ಹೋಗುತ್ತದೆ. ಇದನ್ನು ಮೇಲೆ ತಾ.

ಈಗ ನಿನ್ನ ಲೆಕ್ಕಕ್ಕೆ ಬರುತ್ತೇನೆ. ನನಗೆ ಭಯವಾದದ್ದು ಇಲ್ಲಿ. ಹೋದ ಹಣಕಾಸು ವರ್ಷದ ಜೂನ್‌ನಿಂದ ನವೆಂಬರ್‌ವರೆಗೆ 140 ಫೈಲಿಗೆ 23 ತಿದ್ದುಪಡಿ, ಈ ಸಲ ಅದೇ ತಿಂಗಳುಗಳಲ್ಲಿ 155 ಫೈಲಿಗೆ 6 ಎಂದು ಬರೆದಿದ್ದೀಯಾ. 17 ಕಡಿಮೆ, ಒಂದಕ್ಕೆ ಸರಾಸರಿ 3,500, ಒಟ್ಟು 59,500 ರೂಪಾಯಿ ಉಳಿಸಿದೆ ಅಂತ. ಎರಡೂ ವರ್ಷ ಅದೇ ತಿಂಗಳು ತೆಗೆದುಕೊಂಡದ್ದು ಸರಿಯಾಯಿತು. ಕಾಫಿ ಹೋಗುವ ಗಡಿಬಿಡಿಯ ತಿಂಗಳನ್ನು ಮಳೆಗಾಲದ ಜೊತೆ ಹೋಲಿಸಿದ್ದರೆ ಯಾರೂ ನಂಬುತ್ತಿರಲಿಲ್ಲ. ಆದರೆ ಆ 23ರಲ್ಲಿ ಎಲ್ಲವೂ ನಿಮ್ಮ ತಪ್ಪಾ? ಫೋನಿನಲ್ಲಿ ಕೇಳಿದಾಗ ನೀನೇ ಹೇಳಿದೆ: 7 ಸಲ ಸರಕು ಕಳಿಸುವ ಪಾರ್ಟಿಯವರೇ ಖರೀದಿದಾರರನ್ನು ಬದಲಿಸಿದ್ದರು, ಆ ಬಿಲ್ಲನ್ನು ಅವರೇ ಕೊಟ್ಟಿದ್ದರು. ಈ ವರ್ಷದ 6ರಲ್ಲೂ ಅಂಥದ್ದು 2.

ಅವನ್ನು ತೆಗೆದುಹಾಕು. ಆಗ ಹೋದ ವರ್ಷ 16, ಈ ವರ್ಷ 4. ಫೈಲು ಜಾಸ್ತಿಯಾದದ್ದನ್ನೂ ಲೆಕ್ಕಕ್ಕೆ ಹಿಡಿ. ಹಳೆಯ ಪ್ರಮಾಣದಲ್ಲೇ ಹೋಗಿದ್ದರೆ 155 ಫೈಲಿಗೆ ಕಡಿಮೆ ಅಂದರೂ 17 ಆಗಬೇಕಿತ್ತು. ಆದದ್ದು 4. ನೀನು ತಪ್ಪಿಸಿದ್ದು 13 ತಿದ್ದುಪಡಿ, ಉಳಿದದ್ದು 45,500 ರೂಪಾಯಿ. ಮೊತ್ತ ಇಳಿಯಿತು ಅಂತ ಬೇಸರ ಮಾಡಬೇಡ ಮಾರಾಯ್ತಿ. 59,500 ಅಂತ ಬರೆದಿದ್ದರೆ ನಿಮ್ಮ ಅಕೌಂಟೆಂಟ್ ಹತ್ತು ನಿಮಿಷದಲ್ಲಿ ಆ 7 ಫೈಲು ಹುಡುಕಿ ತೆಗೆಯುತ್ತಿದ್ದರು. ಆಮೇಲೆ ನಿನ್ನ ಉಳಿದ ಮಾತನ್ನೂ ಯಾರೂ ನಂಬುತ್ತಿರಲಿಲ್ಲ. ಆ 9 ಫೈಲು ಬಿಟ್ಟು ಲೆಕ್ಕ ಹಾಕಿದ್ದೇನೆ ಎಂದು ನೀನೇ ಒಂದು ಸಾಲು ಬರೆ. ಇದೇ ಲೆಕ್ಕವನ್ನು ಇಮ್ಮಡಿ ಮಾಡಿ ವರ್ಷಕ್ಕೆ ಇಷ್ಟು ಅಂತಲೂ ಬರೆಯಬೇಡ. ಉಳಿದ ಆರು ತಿಂಗಳು ಹೇಗೆ ಹೋಗುತ್ತದೋ ಇನ್ನೂ ನೋಡಿಲ್ಲ ಅಲ್ವಾ?

ಎಕ್ಸೆಲ್‌ನಲ್ಲಿ ಆ ಹಾಳೆಯ ಸೂತ್ರ ಬರೆದುಕೊಟ್ಟ ಹುಡುಗನ ಹೆಸರನ್ನೂ ಹಾಕು. "ಯೋಚನೆ ಮತ್ತು ಪ್ರತಿದಿನದ ತಪಾಸಣೆ ನನ್ನದು, ಸೂತ್ರ ಇವರದು" ಅಂದರೆ ಸಾಕು. ಹೆಸರು ಬಿಟ್ಟರೆ ಅವನಿಗೆ ನೋವಾಗುತ್ತದೆ. ಧಣಿಗೂ ಅದು ಬೇರೆ ಬಾಯಿಂದ ಗೊತ್ತಾಗುತ್ತದೆ.

ಪುರಾವೆ ಅಂತ ಪಾರ್ಟಿಯವರ ಇನ್‌ವಾಯ್ಸ್ ಲಗತ್ತಿಸಬೇಡ. ನಿನ್ನ ಸ್ವಂತ ಇಮೇಲಿಗೂ ಕಳಿಸಿಕೊಳ್ಳಬೇಡ. ಅವರ ದರ, ಗಿರಾಕಿಗಳ ಹೆಸರು ಆಫೀಸಿನ ಹೊರಗೆ ಬಂದರೆ ಅದೊಂದು ತಪ್ಪಿಗೆ ಕೆಲಸವೇ ಹೋದೀತು. ಒಂದು ಪುಟದ ಪಟ್ಟಿ ಮಾಡು. ಫೈಲ್ ನಂಬರು, ತಿದ್ದುಪಡಿಯ ತಾರೀಕು, ಕಾರಣ, ಬಿಲ್ಲಿನ ಮೊತ್ತ, ಇಷ್ಟೇ. ಬೇಕಾದವರು ಆಫೀಸಿನ ಕಪಾಟಿನಲ್ಲಿ ತೆಗೆದು ನೋಡಲಿ.

ಬಿಟ್ಟುಹೋದವಳ ಕೆಲಸದ ಮಾತನ್ನೂ ಬೇರೆ ರೀತಿ ಬರೆ. "ಎರಡು ಜನರ ಕೆಲಸ ಮಾಡುತ್ತಿದ್ದೇನೆ" ಅಂದರೆ ಅದು ದೂರು. ಇನ್ನೊಬ್ಬರನ್ನು ಕೊಡುತ್ತೇವೆ ಅಂತ ಹೇಳಿ ಮುಗಿಸುತ್ತಾರೆ. ಆಗಸ್ಟ್‌ನಿಂದ ಹೊಸ ಇಬ್ಬರಿಗೆ ಕೆಲಸ ಕಲಿಸಿದ್ದು ನೀನು. ಅವರ ಬಿ.ಎಲ್. ಕರಡಿಗೆ ಕೊನೆಯ ಒಪ್ಪಿಗೆ ಕೊಡುವುದೂ ನೀನು. ಲೈನಿನವರು ಫೋನ್ ಮಾಡುವುದೂ ನಿನಗೇ. ಅದು ಡಾಕ್ಯುಮೆಂಟೇಶನ್ ಇನ್‌ಚಾರ್ಜ್ ಮಾಡುವ ಕೆಲಸ. ಆ ಹುದ್ದೆಯ ಹೆಸರನ್ನೇ ಹಿಡಿದು ಕೇಳು.

ಮೊತ್ತವನ್ನೂ ಬರೆ. "ಸೂಕ್ತ ಏರಿಕೆ" ಅಂತ ಬರೆದವರಿಗೆ 500 ರೂಪಾಯಿ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ನಿನ್ನ ತಿಂಗಳ ಗ್ರಾಸ್, ಅಂದರೆ ಕಡಿತಕ್ಕೆ ಮೊದಲಿನ ಸಂಬಳ, 28,000ದಿಂದ 32,000 ಆಗಲಿ, ಏಪ್ರಿಲ್‌ನಿಂದ ಅನ್ನು. ಆರು ತಿಂಗಳಿಗೆ ಆ ಏರಿಕೆ 24,000. ಅದೇ ಆರು ತಿಂಗಳಲ್ಲಿ ಉಳಿದದ್ದು 45,500. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು, ವಿವರಿಸಬೇಕಾಗಿಲ್ಲ. ಗ್ರಾಸ್ ಎಂಬ ಮಾತು ಮರೆಯಬೇಡ. ಸಿಟಿಸಿಯಲ್ಲಿ, ಅಂದರೆ ನಿನಗಾಗಿ ಕಂಪೆನಿ ಮಾಡುವ ಒಟ್ಟು ಖರ್ಚಿನಲ್ಲಿ, 4,000 ಅಂತಾದರೆ ಕಂಪೆನಿ ಕಟ್ಟುವ ಪಿ.ಎಫ್. ಪಾಲೂ ಅದರೊಳಗೇ ಸೇರಬಹುದು, ಕೈಗೆ ಬರುವುದು ಕಡಿಮೆಯಾಗುತ್ತದೆ.

ಇಂಗ್ಲಿಷಿನಲ್ಲೇ ಬರೆ, ಆದರೆ ಮೊದಲ ಸಾಲುಗಳ ಅರ್ಥ ಹೀಗಿರಲಿ:

"ಡಾಕ್ಯುಮೆಂಟೇಶನ್ ಇನ್‌ಚಾರ್ಜ್ ಹುದ್ದೆ ಮತ್ತು ಏಪ್ರಿಲ್‌ನಿಂದ ತಿಂಗಳಿಗೆ 32,000 ಗ್ರಾಸ್ ಸಂಬಳ ಕೋರಿ ಬರೆಯುತ್ತಿದ್ದೇನೆ. ನಾನು ಮೇ ತಿಂಗಳಲ್ಲಿ ಶುರುಮಾಡಿದ ತಪಾಸಣೆಯ ನಂತರ ನಮ್ಮ ತಪ್ಪಿನಿಂದಾದ ಬಿ.ಎಲ್. ತಿದ್ದುಪಡಿಗಳು ಜೂನ್‌ನಿಂದ ನವೆಂಬರ್‌ವರೆಗೆ ಹಿಂದಿನ ಹಣಕಾಸು ವರ್ಷದ 140 ಫೈಲಿಗೆ 16 ಇದ್ದದ್ದು ಈ ಸಲ 155 ಫೈಲಿಗೆ 4ಕ್ಕೆ ಇಳಿದಿವೆ. ಹಳೆಯ ಪ್ರಮಾಣಕ್ಕೆ ಹೋಲಿಸಿದರೆ ಸುಮಾರು 45,500 ರೂಪಾಯಿ ಉಳಿದಿದೆ. ಆಗಸ್ಟ್‌ನಿಂದ ಹೊಸ ಇಬ್ಬರಿಗೆ ಕೆಲಸ ಕಲಿಸಿ, ಅವರ ಬಿ.ಎಲ್. ಕರಡಿಗೆ ಕೊನೆಯ ಒಪ್ಪಿಗೆಯನ್ನು ನಾನೇ ಕೊಡುತ್ತಿದ್ದೇನೆ. ಪಟ್ಟಿ ಜೊತೆಗಿದೆ."

ಸಾಲದ ಕಂತು, ರಾತ್ರಿ ಎಂಟು ಗಂಟೆ ಎರಡನ್ನೂ ತೆಗೆ. ಬೇರೆ ಕಡೆ ಕರೆದಿದ್ದಾರೆ ಅಂತ ಸುಮ್ನೆ ಹೆದರಿಸಲೂ ಬೇಡ. "ಹಾಗಾದರೆ ಹೋಗು" ಅಂದರೆ ನಿನ್ನ ಹತ್ತಿರ ಉತ್ತರ ಇರುವುದಿಲ್ಲ.

ಮೊದಲು ಮ್ಯಾನೇಜರಿಗೆ ಬಾಯಿಮಾತಿನಲ್ಲಿ ಹೇಳು, ಅದೇ ದಿನ ಮೇಲ್ ಕಳಿಸು. ಮುಂದಿನ ವರ್ಷದ ಸಂಬಳದ ಬಜೆಟ್ ಫೆಬ್ರವರಿಯಲ್ಲಿ ಮಾಡುತ್ತಾರೆ ಅಂತ ನೀನೇ ಅಂದಿದ್ದೆ, ಹಾಗಾಗಿ ಈ ತಿಂಗಳೇ ಹೋಗಬೇಕು. ಈಗ ಆಗುವುದಿಲ್ಲ ಅಂದರೆ, ಏನಾದರೆ ಆಗುತ್ತದೆ, ಯಾವಾಗ ಮತ್ತೆ ನೋಡುತ್ತೀರಿ ಅಂತ ಕೇಳು. ಅವರು ಹೇಳಿದ್ದನ್ನು "ಇವತ್ತು ಮಾತಾಡಿದ ಹಾಗೆ" ಅಂತ ಶುರುಮಾಡಿ ಸಂಜೆಯೇ ಮೇಲ್ ಮಾಡು.

ಆ 16 ಮತ್ತು 4, ಒಟ್ಟು 20 ಫೈಲಿನ ಪಟ್ಟಿಯನ್ನು ಬಿಲ್ಲುಗಳ ಎದುರಿಗೆ ಇನ್ನೊಮ್ಮೆ ತಾಳೆ ನೋಡು. ಸರಾಸರಿ 3,500 ಅಂದದ್ದು ನಿನ್ನ ಅಂದಾಜಾ, ಕೂಡಿಸಿ ಭಾಗಿಸಿದ್ದಾ ಅಂತ ನನಗಿನ್ನೂ ನೀನು ಹೇಳಿಲ್ಲ. ಭಾನುವಾರ ಊಟಕ್ಕೆ ಬರುವಾಗ ಎರಡನೇ ಕರಡು ತಾ, ಕೂತು ನೋಡುವ.

ನಿನ್ನ
ದೊಡ್ಡಮ್ಮ