ಅತ್ತೆಗೆ ಪ್ರೂನ್ ಜ್ಯೂಸ್ ಕೊಡೋ ಮುಂಚೆ

ಪುಟ್ಟಿ,

ನಿಮ್ಮತ್ತೆಗೆ ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದೆ, ಪ್ರೂನ್ ಜ್ಯೂಸ್ ತಂದಿದ್ದೀನಿ, ಒಂದು ಗ್ಲಾಸ್ ಕೊಡ್ಲಾ ಅಂತ ಕೇಳಿದ್ದೀಯ. ಪೂರ್ತಿ ಗ್ಲಾಸ್ ಬೇಡ. ನಾನು ಅದೇ ತಪ್ಪು ಮಾಡಿದ್ದೆ.

ನಮ್ಮತ್ತೆಗೆ ಆಗ 82. ಮೊದಲ ದಿನವೇ ದೊಡ್ಡ ಲೋಟದ ತುಂಬ ಕೊಟ್ಟೆ. ಸಂಜೆ ಹೊಟ್ಟೆ ಗುಡುಗುಡು ಅಂತು, ಗ್ಯಾಸ್ ತುಂಬಿತು, ರಾತ್ರಿ ಕತ್ತಲಲ್ಲಿ ಬಚ್ಚಲಿಗೆ ಓಡಿ ಬೀಳೋದರಲ್ಲಿದ್ದರು. ಒಣಗಿದ ಪ್ಲಮ್ ಹಣ್ಣಿನ ಆ ಜ್ಯೂಸಿನಲ್ಲಿ ಸಾರ್ಬಿಟಾಲ್ ಅನ್ನೋ ಒಂದು ಸಿಹಿ ಇರುತ್ತೆ, 100 ಗ್ರಾಮಿಗೆ ಸುಮಾರು 6 ಗ್ರಾಮ್. ನಮ್ಮ ಕರುಳು ಅದನ್ನು ಪೂರ್ತಿ ಹೀರಿಕೊಳ್ಳೋದಿಲ್ಲ. ಉಳಿದದ್ದು ದೊಡ್ಡ ಕರುಳಿಗೆ ಇಳಿದು ನೀರನ್ನು ತನ್ನ ಕಡೆ ಎಳೆಯುತ್ತೆ, ಮಲ ಮೆತ್ತಗಾಗುತ್ತೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನೇ ಹುದುಗಿಸೋದರಿಂದ ಗ್ಯಾಸ್ ಆಗೋದು.

ಆಮೇಲೆ ಹೀಗೆ ಮಾಡಿದೆ. ಬೆಳಗ್ಗೆ 60 ಎಂಎಲ್ ಜ್ಯೂಸ್, ಅಷ್ಟೇ ಬೆಚ್ಚಗಿನ ನೀರು. ಮೂರು ದಿನ ನೋಡಿ, ಸಾಲದೆ ಇದ್ದಾಗ 120 ಎಂಎಲ್ ಮಾಡಿದೆ. ಬಿಸಿನೀರಿನಲ್ಲಿ ಮಾಯವೇನೂ ಇಲ್ಲ. ಬೆಳಗ್ಗೆ ಖಾಲಿ ಹೊಟ್ಟೆಗೆ ಏನಾದರೂ ಬಿದ್ದರೆ ಕರುಳು ಎಚ್ಚರ ಆಗುತ್ತೆ, ಅಷ್ಟೇ. ಅದಕ್ಕೇ ತಿಂಡಿ ಆಗಿ ಅರ್ಧ ಗಂಟೆಯೊಳಗೆ ಕಮೋಡಿನ ಮೇಲೆ ಕೂರಿಸು, ಕಾಲ ಕೆಳಗೆ ಒಂದು ಮಣೆ ಇಡು. ತಿಣುಕೋಕೆ ಬಿಡಬೇಡ.

ಇನ್ನು ನೀರು. ಒಳಗೆ ನೀರೇ ಇಲ್ಲದಿದ್ದರೆ ಸಾರ್ಬಿಟಾಲ್ ಎಲ್ಲಿಂದ ಎಳೆಯುತ್ತೆ? ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗೋಲ್ಲ, ಜೊತೆಗೆ ರಾತ್ರಿ ಎದ್ದೇಳಬೇಕಲ್ಲ ಅಂತ ಸುಮ್ನೆ ಕುಡಿಯೋದನ್ನೇ ಬಿಡ್ತಾರೆ. ನಮ್ಮತ್ತೆ ದಿನಕ್ಕೆ ಮೂರು ಲೋಟ ದಾಟುತ್ತಿರಲಿಲ್ಲ. ಹೆಂಗಸರಿಗೆ ಕುಡಿಯೋದೆಲ್ಲ ಸೇರಿ ಸುಮಾರು 1.6 ಲೀಟರ್ ಬೇಕು, ಅಂದರೆ 200 ಎಂಎಲ್ ಲೋಟದಲ್ಲಿ ಎಂಟು. ಕಾಫಿ, ಮಜ್ಜಿಗೆ, ತಿಳಿಸಾರು ಎಲ್ಲ ಲೆಕ್ಕಕ್ಕೆ ಬರುತ್ತೆ. ಹೆಚ್ಚಿನದನ್ನು ಸಂಜೆ ಆರರೊಳಗೆ ಮುಗಿಸು. ಮೊದಲೇ ಸಾಕಷ್ಟು ಕುಡಿಯುತ್ತಿದ್ದರೆ, ಇನ್ನೂ ಜಾಸ್ತಿ ಸುರಿದು ಪ್ರಯೋಜನ ಇಲ್ಲ.

ಹೃದಯ ಅಥವಾ ಕಿಡ್ನಿ ತೊಂದರೆ ಇದ್ದು ಡಾಕ್ಟರ್ ನೀರಿಗೆ ಮಿತಿ ಹೇಳಿದ್ದರೆ ಈ ಲೆಕ್ಕ ನಡೆಯೋಲ್ಲ. ಕಿಡ್ನಿ ಕೆಟ್ಟವರಿಗೆ ಜ್ಯೂಸಿನ ಪೊಟ್ಯಾಶಿಯಮ್ ಕೂಡ ಒಳ್ಳೇದಲ್ಲ. ಶುಗರ್ ಇದ್ದರೆ, ಸಕ್ಕರೆ ಹಾಕಿಲ್ಲ ಅಂತ ಬರೆದಿದ್ದರೂ ಹಣ್ಣಿನದೇ ಸಿಹಿ ಸಾಕಷ್ಟಿರುತ್ತೆ.

ಹೊಟ್ಟೆ ಉಬ್ಬಿ ವಾಂತಿ ಬಂದರೆ, ರಕ್ತ ಕಂಡರೆ, ಅಥವಾ ದಿನಗಟ್ಟಲೆ ಏನೂ ಆಗದೆ ಆಮೇಲೆ ನೀರು ನೀರಾಗಿ ಸೋರಿದರೆ ಜ್ಯೂಸ್ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು. ಆ ಸೋರೋದನ್ನು ಭೇದಿ ಅಂದ್ಕೊಂಡು ಮಾತ್ರೆ ಕೊಡಬೇಡ, ಒಳಗೆ ಗಟ್ಟಿ ಮಲ ಸಿಕ್ಕಿಕೊಂಡಿದ್ದರೂ ಪಕ್ಕದಿಂದ ಹಾಗೆ ಸೋರುತ್ತೆ.

ನಿಮ್ಮತ್ತೆ ನುಂಗೋ ಮಾತ್ರೆಗಳ ಫೋಟೋ ಇವತ್ತೇ ಕಳಿಸು. ಕಬ್ಬಿಣದ ಮಾತ್ರೆಯೋ ಕ್ಯಾಲ್ಸಿಯಂ ಮಾತ್ರೆಯೋ ಇದ್ದರೆ ಅದರಿಂದಲೂ ಹೊಟ್ಟೆ ಕಟ್ಟಬಹುದು, ಮೊದಲು ಅದನ್ನು ಡಾಕ್ಟರ ಹತ್ತಿರ ಕೇಳೋಣ.

ನಿನ್ನ ದೊಡ್ಡಮ್ಮ